ಮ್ಯಾಲಿನ ಚಿಲ್ಲರೆ

ನಲವತ್ತು ದಾಟಿದ ಮೇಲೆ ನಮ್ಮ ಮನೆಯವರಿಗೆ ಗೇಮ್ ಕನ್ಸೋಲ್ ಬೇಕೆನ್ನಿಸಿತು. ಕೆಲವರಿಗೆ ಆ ವಯಸ್ಸಿನಲ್ಲಿ ಮಂಡಿನೋವು ಬರುತ್ತದೆ, ಕೆಲವರು ಸೈಟು ನೋಡಲು ಹೊರಡುತ್ತಾರೆ. ಇವರು ಹುಬ್ಬಳ್ಳಿಯ ದೋಸ್ತನ ಮನೆಯಲ್ಲಿ ಒಂದು ಮಧ್ಯಾಹ್ನ ಟಿವಿಯೊಳಗೆ ಕ್ರಿಕೆಟ್ ಆಡಿ ಬಂದರು. ಸೋಫಾದ ಮೇಲೆ ಕುಳಿತು, ಹೆಬ್ಬೆರಳಿನಿಂದ ಸಿಕ್ಸರ್ ಹೊಡೆದು ಬಂದ ಆ ಮುಖದಲ್ಲಿ ನಿಜವಾಗಿಯೇ ಊರಿಗೆ ಕಪ್ ತಂದವರ ಕಳೆಯಿತ್ತು.

ಶಿಗ್ಗಾವಿಯ ಬಜಾರಿನಲ್ಲಿ ನಮ್ಮದು ಭಾಂಡೆ ಅಂಗಡಿ. ಸ್ಟೀಲು, ಹಿತ್ತಾಳೆ, ತಾಮ್ರದ ಪಾತ್ರೆಗಳು. ಲಗ್ನದ ಸೀಸನ್ನಿನಲ್ಲಿ ಕೈತುಂಬ ರೊಕ್ಕ, ಉಳಿದಾಗ ಉದ್ರಿ. ಮಾವನವರು ಹಾಕಿದ ಅಂಗಡಿ, ಈಗ ಇವರು ಕೂರುತ್ತಾರೆ. ನಾನು ಹಿರೇಬೆಂಡಿಗೇರಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಹೀಗಾಗಿ ಮನೆಯಲ್ಲಿ ಪಗಾರದ ಚೀಟಿ ಇರುವುದು ನನಗೊಬ್ಬಳಿಗೇ, ಕ್ರೆಡಿಟ್ ಕಾರ್ಡೂ ನನ್ನ ಹೆಸರಿಗೇ ಬಂದಿತ್ತು. ಬಂದಿತ್ತು ಎನ್ನುವುದಕ್ಕಿಂತ ತರಿಸಿದ್ದರು ಎನ್ನಬೇಕು. ಅಂಗಡಿಗೆ ಬಂದ ಬ್ಯಾಂಕಿನ ಹುಡುಗಿಯ ಎದುರು ಕುಳಿತು ಅರ್ಜಿ ತುಂಬಿಸಿದವರು ಇವರು. ನನ್ನ ಹೆಸರು, ನನ್ನ ಪಗಾರ, ನನ್ನ ಸಹಿ, ಮೊಬೈಲ್ ನಂಬರ್ ಮಾತ್ರ ತಮ್ಮದು. "ನೀ ಕ್ಲಾಸಿನ್ಯಾಗ ಇರ್ತಿ, ಓಟಿಪಿ ಬಂದ್ರ ಯಾರು ನೋಡೋರು?" ಎಂದಿದ್ದರು. ಸಂಸಾರದ ಕಾಳಜಿ ಎಂದರೆ ಹೀಗಿರಬೇಕು.

ಆ ಹೊತ್ತಿಗೆ ನಾನು ಸ್ಕೂಟಿಗೆ ರೊಕ್ಕ ಕೂಡಿಸುತ್ತಿದ್ದೆ. ಶಾಲೆಗೆ ಹೋಗುವ ಬಸ್ಸು ಬಂದರೆ ಬಂತು, ಇಲ್ಲವಾದರೆ ಇಲ್ಲ. ಬಂದ ದಿನವೂ ಬಾಗಿಲಲ್ಲಿ ಜೋತುಬಿದ್ದವರನ್ನು ನೋಡಿ ಡ್ರೈವರ್ ನಿಲ್ಲಿಸದೆ ಹೋಗುವುದುಂಟು. ತಡವಾದರೆ ಹಾಜರಿ ಪುಸ್ತಕದಲ್ಲಿ ಹೆಡ್‌ಮಾಸ್ಟರು ನನ್ನ ಹೆಸರಿನ ಎದುರು ಕೆಂಪು ಪೆನ್ನಿನಿಂದ ಗೀಟು ಎಳೆಯುತ್ತಿದ್ದರು. ಮಕ್ಕಳಿಗೆ ಲೇಟಾಗಿ ಬಂದಿದ್ದಕ್ಕೆ ಬೈಯುವವಳು ನಾನು, ನನ್ನ ಹೆಸರಿನ ಮುಂದೆಯೇ ಆ ಗೀಟು ಕಂಡರೆ ಮೈ ಉರಿಯುತ್ತಿತ್ತು. ಜೂನ್‌ನಲ್ಲಿ ಶಾಲೆ ಶುರುವಾಗುವ ಹೊತ್ತಿಗೆ ಮುಂಗಡ ಕಟ್ಟಿ, ಉಳಿದದ್ದಕ್ಕೆ ಬ್ಯಾಂಕಿನ ಸಾಲ ಮಾಡಿ ಸ್ಕೂಟಿ ತರುವುದು ಎಂದು ಮಾತಾಗಿತ್ತು. ನನಗೆ ಬೇಕಿದ್ದದ್ದು ಅದೊಂದೇ.

ಕನ್ಸೋಲಿಗಾಗಿ ಸವಣೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋದೆವು. ಅಂಗಡಿಯವರು ಇವರ ಹಳೆಯ ಗೆಳೆಯರು, ಹುಬ್ಬಳ್ಳಿಯಿಂದ ಒಂದು ಡಬ್ಬಿ ತರಿಸಿ ಇಟ್ಟಿದ್ದರು. ಐವತ್ನಾಲ್ಕು ಸಾವಿರ. ಡಬ್ಬಿಯನ್ನು ಗಾಜಿನ ಮೇಲಿಟ್ಟು, ದೇವರ ಮೂರ್ತಿಯ ಮೇಲಿನ ಧೂಳು ಒರೆಸಿದಂತೆ ಒರೆಸಿದರು.

"ನಗದು ಕೊಟ್ರ ಎಷ್ಟ್ರಿ?" ಎಂದು ಕೇಳಿದೆ.

ಅಂಗಡಿಯವರು ನನ್ನ ಕಡೆ ನೋಡದೆ ಇವರ ಕಡೆ ನೋಡಿ ನಕ್ಕರು. "ಮೇಡಮ್ಮರು ಹುಷಾರ್ ಅದಾರ ನೋಡ್ರಿ. ನಗದಾದ್ರ ಒಂದೂವರೆ ಸಾವಿರ ಬಿಡ್ತೇನಿ. ಆದ್ರ ನಗದು ಯಾಕ ಕೊಡ್ತೀರಿ? ನೋ ಕಾಸ್ಟ್ ಕಂತು ಐತಿ."

ಅಲ್ಲೇ ಕೊನೆಯಲ್ಲಿ ಒಂದು ಟೇಬಲ್ ಹಾಕಿಕೊಂಡು ಫೈನಾನ್ಸ್ ಕಂಪನಿಯ ಒಬ್ಬ ಮನುಷ್ಯ ಕುಳಿತಿದ್ದ. ಕೊರಳಲ್ಲಿ ಐಡಿ ಕಾರ್ಡು, ಕೈಯಲ್ಲಿ ಟ್ಯಾಬು. ಅವನ ಪ್ರಕಾರ ಈ ಲೋಕದಲ್ಲಿ ಬಡ್ಡಿ ಎಂಬುದೇ ಇಲ್ಲ. "ಜೀರೋ ಪರ್ಸೆಂಟ್ ರಿ ಮೇಡಮ್. ಹನ್ನೆರಡು ಕಂತು, ಅದರಾಗ ನಾಕು ಈಗ ಕಟ್ಟೂದು, ಎಂಟು ಮುಂದ." ಕಂತು ನಾಲ್ಕೂವರೆ ಸಾವಿರ, ಅಂದರೆ ಹದಿನೆಂಟು ಸಾವಿರ ಅಲ್ಲಿಯೇ ಎಣಿಸಬೇಕು. ನಮ್ಮದೇ ರೊಕ್ಕವನ್ನು ನಾವೇ ಕೊಟ್ಟು, ಅದಕ್ಕೆ ಕಂತು ಎಂದು ಹೆಸರಿಟ್ಟು, ಉಳಿದ ಮೂವತ್ತಾರು ಸಾವಿರಕ್ಕಷ್ಟೇ ಅವನ ಸಾಲ. ಟ್ಯಾಬನ್ನು ನನ್ನ ಕಡೆ ತಿರುಗಿಸಿಕೊಂಡು ಕೆಳಗೆ ಸರಿಸಿದೆ. ಪ್ರೊಸೆಸಿಂಗ್ ಫೀ ಸಾವಿರದ ಹತ್ತಿರ, ಅವರ ಕಾರ್ಡಿಗೆ ಐದುನೂರು ಚಿಲ್ಲರೆ, ಯಾರೂ ಕೇಳದ ವಿಮೆಗೆ ಆಗಲೇ ಸರಿ ಗುರುತು ಹಾಕಿದ್ದ.

"ಈ ವಿಮೆ ಯಾರು ಕೇಳಿದ್ರು?" ಎಂದೆ.

"ಅದು ಡಿಫಾಲ್ಟ್ ಬರ್ತೈತ್ರಿ ಮೇಡಮ್."

"ತಗೀರಿ ಅದನ್ನ. ಬಡ್ಡಿ ಸೊನ್ನೆ ಅಂತೀರಿ, ಈ ಫೀಗಳು ಏನು ಲಗ್ನದಾಗ ಕೊಡೂ ಆಯೇರಿಯೇನು?"

ಅವನಿಗೆ ಬೇಸರವಾಗಲಿಲ್ಲ. ಬೇಸರಪಡಲು ಅವನಿಗೆ ಪಗಾರ ಕೊಡುವುದಿಲ್ಲವೇನೋ. ನಗುತ್ತಲೇ ಟ್ಯಾಬು ತಿರುಗಿಸಿಕೊಂಡ.

ಇವರು ನನ್ನ ಕಿವಿಯಲ್ಲಿ ಹೇಳಿದರು: "ಕಾರ್ಡ್ ಉಜ್ಜಿಬಿಡೂಣು. ಕೈಯಾಗ ಬಂದಂಗ ಸ್ವಲ್ಪ ಸ್ವಲ್ಪ ತೀರಿಸಿದ್ರಾತು." ಉದ್ರಿ ಅಂಗಡಿಯ ಮಗನ ಆಲೋಚನೆ. ಕಾರ್ಡಿನ ಬಿಲ್ಲು ಪೂರ್ತಿ ಕಟ್ಟಿದರೆ ಮಾತ್ರ ಬಡ್ಡಿಯಿಲ್ಲ, ಸ್ವಲ್ಪ ಉಳಿಸಿದರೂ ಖರೀದಿ ಮಾಡಿದ ದಿನದಿಂದಲೇ ಬಡ್ಡಿ ಶುರು, ತಿಂಗಳಿಗೆ ನೂರಕ್ಕೆ ಮೂರೂವರೆಯ ಮೇಲೆ, ವರ್ಷಕ್ಕೆ ನಲವತ್ತು ದಾಟುತ್ತದೆ, ಬಡ್ಡಿಯ ಮೇಲೆ ಜಿಎಸ್‌ಟಿ ಬೇರೆ, ಅಷ್ಟು ಬಡ್ಡಿಯನ್ನು ನಿಮ್ಮಪ್ಪ ತನ್ನ ವೈರಿಗೂ ಹಾಕಲಿಲ್ಲ ಎಂದು ಅಲ್ಲೇ ನಿಂತು ಬಿಡಿಸಿ ಹೇಳಿದೆ. ತಲೆಯಾಡಿಸಿದರು. ಇವರು ತಲೆಯಾಡಿಸಿದಾಗ ಏನೂ ಒಳಗೆ ಹೋಗಿಲ್ಲ ಎಂದು ಅರ್ಥ. ಆದರೆ ಅದು ಆವತ್ತು ನನಗೆ ಹೊಳೆಯಲಿಲ್ಲ.

ಉಳಿದದ್ದು ಕಾರ್ಡಿನ ಮೇಲಿನ ನೋ ಕಾಸ್ಟ್ ಕಂತು. ಒಂಬತ್ತು ತಿಂಗಳು, ತಿಂಗಳಿಗೆ ಆರು ಸಾವಿರ, ಒಂಬತ್ತಾರಲಿ ಐವತ್ನಾಲ್ಕು. ಇವರು ಎರಡನೇ ತರಗತಿಯ ಮಗ್ಗಿ ಒಪ್ಪಿಸಿದಂತೆ ಒಪ್ಪಿಸಿ, "ಎಲ್ಲೈತಿ ಬಡ್ಡಿ? ತೋರಸು ನೋಡೂಣು" ಎಂದರು.

ತೋರಿಸಿದೆ. ಬ್ಯಾಂಕು ಧರ್ಮಕ್ಕೆ ಸಾಲ ಕೊಡುವುದಿಲ್ಲ. ವರ್ಷಕ್ಕೆ ಹದಿನಾರರಂತೆ ಬಡ್ಡಿ ಹಾಕಿಯೇ ಹಾಕುತ್ತದೆ. ಆ ಬಡ್ಡಿಯಷ್ಟನ್ನು ಕನ್ಸೋಲಿನ ಕಂಪನಿಯವರು ಬೆಲೆಯಲ್ಲಿ ಮೊದಲೇ ಮುರಿದುಕೊಡುತ್ತಾರೆ. ಕಾರ್ಡು ಉಜ್ಜುವ ಮಷಿನ್ನಿನ ಪರದೆಯ ಮೇಲೆ ಅದು ಸ್ಪಷ್ಟವಾಗಿ ಇತ್ತು: ರಿಯಾಯಿತಿ ಮೂರು ಸಾವಿರದ ನಾಲ್ಕುನೂರು ಚಿಲ್ಲರೆ, ಸಾಲ ಐವತ್ತು ಸಾವಿರದ ಐದುನೂರು ಚಿಲ್ಲರೆ. ಸಾಲಕ್ಕೆ ಬಡ್ಡಿ ಸೇರಿಸಿದರೆ ಮತ್ತೆ ಐವತ್ನಾಲ್ಕು. ಬಡ್ಡಿ ಒಂದು ಬಾಗಿಲಲ್ಲಿ ಹೋಗಿ ಇನ್ನೊಂದು ಬಾಗಿಲಲ್ಲಿ ಬಂತು, ಅಷ್ಟೇ. ಆದರೆ ಆ ಬಡ್ಡಿಯ ಮೇಲಿನ ಜಿಎಸ್‌ಟಿಯನ್ನು ಯಾರೂ ಮುರಿದುಕೊಡುವುದಿಲ್ಲ, ಅದು ನಮ್ಮ ತಲೆಗೆ. ಪ್ರೊಸೆಸಿಂಗ್ ಫೀ ನೂರಾ ತೊಂಬತ್ತೊಂಬತ್ತು, ಅದಕ್ಕೂ ಜಿಎಸ್‌ಟಿ, ಅದೂ ನಮ್ಮ ತಲೆಗೆ. ನಗದಿಗೆ ಬಿಡುವ ಒಂದೂವರೆ ಸಾವಿರವಂತೂ ಹೋಗಿಯೇ ಹೋಯಿತು. ಎಲ್ಲ ಕೂಡಿಸಿದರೆ ಎರಡು ಸಾವಿರದ ಮುನ್ನೂರರ ಮೇಲೆ. ನೋ ಕಾಸ್ಟ್ ಎಂಬುದರ ಕಾಸ್ಟು ಅದು.

"ಲಗ್ನದ ಸೀಸನ್ ಬರಲಿ, ನಗದು ಕೊಟ್ಟು ತಗೊಳ್ರಿ" ಎಂದೆ.

"ಎರಡು ಸಾವಿರಕ್ಕ ಇಷ್ಟು ತಲಿ ಕೆಡಿಸ್ಕೊಂತಾರೇನು? ಒಂಬತ್ತು ತಿಂಗಳಾದ ಮ್ಯಾಲೆ ನಿನ್ನ ಸ್ಕೂಟಿ. ಕಂತು ನಾ ಕಟ್ತೇನಿ, ನೀ ಅದರ ಕಡೆ ನೋಡೂದೂ ಬ್ಯಾಡ."

"ಬಿಲ್ಲು ಎಷ್ಟು ಬರ್ತೈತಿ ಅಷ್ಟು ಕಟ್ಟಬೇಕು ಮತ್ತ."

"ಕಟ್ತೇನಿ ಅಂದ್ನಲ್ಲ."

ಕಾರ್ಡು ಉಜ್ಜಿದ್ದಾಯಿತು, ಡಬ್ಬಿ ಮನೆಗೆ ಬಂತು. ಅಂಗಡಿ ಬಾಗಿಲು ಹಾಕಿ ಬಂದವರು ಕೈಕಾಲು ತೊಳೆಯುವ ಮೊದಲೇ ಅದರ ಮುಂದೆ ಕೂರುತ್ತಿದ್ದರು. ನಲವತ್ತು ದಾಟಿದ ಮನುಷ್ಯ ಔಟಾದದ್ದಕ್ಕೆ ಅಂಪೈರಿಗೆ ಬೈಯುವುದನ್ನು ನಾನು ಅಡುಗೆಮನೆಯಿಂದ ಕೇಳಿಸಿಕೊಳ್ಳುತ್ತಿದ್ದೆ. ಆ ಅಂಪೈರು ಇಲ್ಲವೇ ಇಲ್ಲ ಎಂದು ಹೇಳುವ ಆಸಕ್ತಿಯೂ ನನಗಿರಲಿಲ್ಲ. ಪ್ರತಿ ತಿಂಗಳು ತಪ್ಪದೆ, "ಕಂತು ಕಟ್ಟಿದ್ರೇನು?" ಎಂದು ಕೇಳುತ್ತಿದ್ದೆ. "ಹೂಂ, ಕಟ್ಟೇನಿ" ಎಂದು ಟಿವಿಯಿಂದ ಕಣ್ಣು ತೆಗೆಯದೆ ಹೇಳುತ್ತಿದ್ದರು. ಸುಳ್ಳು ಹೇಳುತ್ತಿರಲಿಲ್ಲ, ಪಾಪ.

ಮೇ ತಿಂಗಳಲ್ಲಿ, ಎಂಟು ಕಂತು ಮುಗಿದ ಮೇಲೆ, ಸ್ಕೂಟಿ ಸಾಲಕ್ಕೆಂದು ಶಿಗ್ಗಾವಿಯ ನಮ್ಮ ಬ್ಯಾಂಕಿಗೆ ಹೋದೆ. ಪಗಾರ ಜಮಾ ಆಗುವುದು ಅಲ್ಲಿಗೇ, ಸಾಲ ನೋಡಿಕೊಳ್ಳುವ ಅಧಿಕಾರಿಗೆ ನನ್ನ ಪರಿಚಯವಿತ್ತು. "ಕುಂದರ್ರಿ ಟೀಚರ್" ಎಂದು ಚಹಾ ಹೇಳಿ ಕಂಪ್ಯೂಟರ್ ನೋಡಲು ಶುರು ಮಾಡಿದರು. ಚಹಾ ಬರುವುದರೊಳಗೆ ಅವರ ಮುಖ ಬದಲಾಯಿತು.

"ಟೀಚರ್, ನಿಮ್ಮ ಕ್ರೆಡಿಟ್ ಕಾರ್ಡಿನ್ಯಾಗ ತಿಂಗಳಾ ತಿಂಗಳಾ ಬಾಕಿ ತೋರಸಾಕತ್ತೈತಿ. ಎಂಟು ತಿಂಗಳಿಂದ ಒಂದರ ಬಿಲ್ಲೂ ಸರಿಯಾಗಿ ತುಂಬಿಲ್ಲ. ಸಿಬಿಲ್ ಸ್ಕೋರ್ ಭಾಳ ಕೆಳಗ ಹೋಗೇತಿ."

"ತಪ್ಪದ ಕಟ್ಟೇವಲ್ರಿ!" ಎಂದೆ.

ಅವರು ಪರದೆಯನ್ನು ನನ್ನ ಕಡೆ ತಿರುಗಿಸಿದರು. ಎಂಟು ತಿಂಗಳ ಎದುರೂ ತಡ, ತಡ, ತಡ. ಹೆಡ್‌ಮಾಸ್ಟರರ ಕೆಂಪು ಗೀಟು ಇಲ್ಲಿಗೂ ಬಂದಿತ್ತು. ಬಾಕಿ ತೀರಿಸಿ, ಸ್ಕೋರು ಸುಧಾರಿಸಿದ ಮೇಲೆ ಬರಬೇಕೆಂದರು. ಈಗ ಅರ್ಜಿ ಹಾಕಿದರೆ ಮೇಲಿನವರು ತಿರುಗಿಸಿ ಕಳಿಸುತ್ತಾರೆ, ಅದೂ ದಾಖಲಾಗುತ್ತದೆ. ಚಹಾ ಬಂತು. ಕುಡಿಯದೆ ಎದ್ದು ಬಂದೆ.

ಅಂಗಡಿಗೆ ನೇರ ಹೋಗಿ ಇವರ ಮೊಬೈಲ್ ಇಸಿದುಕೊಂಡು ಬಿಲ್ಲುಗಳನ್ನು ತೆಗೆದೆ. ಮೊದಲ ತಿಂಗಳ ಬಿಲ್ಲು ಆರು ಸಾವಿರದ ಮುನ್ನೂರ ಐವತ್ತಾರು. ಕಂತು ಆರು ಸಾವಿರ, ಬಡ್ಡಿಯ ಮೇಲಿನ ಜಿಎಸ್‌ಟಿ ನೂರಾ ಇಪ್ಪತ್ತೊಂದು, ಉಳಿದದ್ದು ಪ್ರೊಸೆಸಿಂಗ್ ಫೀ. ಇವರು ಕಟ್ಟಿದ್ದು ಆರು ಸಾವಿರ.

"ಇನ್ನ ಮುನ್ನೂರೈವತ್ತಾರು ಎಲ್ಲಿ?"

ಇವರು ನಿಜವಾಗಿಯೂ ಅರ್ಥವಾಗದೆ ನನ್ನ ಮುಖ ನೋಡಿದರು. "ಅದು ಮ್ಯಾಲಿನ ಚಿಲ್ರಿ."

ನಮ್ಮ ಅಂಗಡಿಯ ಪದ್ಧತಿ ಗೊತ್ತಿಲ್ಲದವರಿಗೆ ಈ ಮಾತು ತಿಳಿಯುವುದಿಲ್ಲ. ಭಾಂಡೆ ತೂಕದ ಮೇಲೆ ಮಾರುತ್ತೇವೆ; ಬಿಲ್ಲು ಎಂದೂ ದುಂಡಗೆ ಬರುವುದಿಲ್ಲ. ಎರಡು ಸಾವಿರದ ಮೂವತ್ತೇಳು, ಹದಿನಾಲ್ಕು ಸಾವಿರದ ಇನ್ನೂರಾ ಹತ್ತು. ಗಿರಾಕಿ ದುಂಡು ಮೊತ್ತ ಎಣಿಸಿ ಕೊಟ್ಟು, "ಮ್ಯಾಲಿನ ಚಿಲ್ರಿ ಬಿಡ್ರಿ ಸಾಹುಕಾರ್ರ" ಎನ್ನುತ್ತಾನೆ. ಸಾಹುಕಾರರು ಒಂದು ಸಲ ಮುಖ ಸಿಂಡರಿಸಿ ಬಿಡುತ್ತಾರೆ. ಬಿಡದಿದ್ದರೆ ಜಿಪುಣ ಎನ್ನಿಸಿಕೊಳ್ಳುತ್ತಾರೆ. ಕೇಳದಿದ್ದರೆ ಗಿರಾಕಿ ದಡ್ಡ ಎನ್ನಿಸಿಕೊಳ್ಳುತ್ತಾನೆ. ಮಾವನವರ ಕಾಲದಿಂದ ನಡೆದು ಬಂದದ್ದು. ಆ ಪದ್ಧತಿಯನ್ನು ಈ ಮನುಷ್ಯ ಬ್ಯಾಂಕಿನ ಕಂಪ್ಯೂಟರಿನ ಜೊತೆ ನಡೆಸಿದ್ದರು. ಅದು ಮುಖ ಸಿಂಡರಿಸಿ ಬಿಟ್ಟಿದೆ ಎಂದು ತಿಳಿದು ಎಂಟು ತಿಂಗಳು ನಿಶ್ಚಿಂತೆಯಿಂದ ಬ್ಯಾಟಿಂಗ್ ಮಾಡಿದ್ದರು.

ಕಂಪ್ಯೂಟರು ಬಿಟ್ಟಿರಲಿಲ್ಲ. ಮಿನಿಮಮ್ ಡ್ಯೂ, ಅಂದರೆ ಕನಿಷ್ಠ ಕಟ್ಟಲೇಬೇಕಾದ ಮೊತ್ತದಲ್ಲಿ ಕಂತು, ಫೀ, ತೆರಿಗೆ ಎಲ್ಲ ಪೂರ್ತಿ ಸೇರಿರುತ್ತವೆ, ಅದಕ್ಕಿಂತ ಒಂದಿಷ್ಟು ಕಡಿಮೆ ಬಿದ್ದರೂ ಕಟ್ಟಿಲ್ಲವೆಂದೇ ಲೆಕ್ಕ. ಮೊದಲ ತಿಂಗಳು ತಡವಾದದ್ದಕ್ಕೆ ನೂರು ರೂಪಾಯಿ ದಂಡ. ಬಾಕಿ ಬೆಳೆದಂತೆ ಮುಂದಿನ ತಿಂಗಳು ಐದುನೂರು. ಆಮೇಲೆ ತಿಂಗಳಿಗೆ ಏಳುನೂರೈವತ್ತು. ದಂಡದ ಮೇಲೆ ಜಿಎಸ್‌ಟಿ. ಉಳಿದ ಬಾಕಿಯ ಮೇಲೆ ಕಾರ್ಡಿನ ಬಡ್ಡಿ, ಅದರ ಮೇಲೆ ಮತ್ತೆ ಜಿಎಸ್‌ಟಿ. ಮುನ್ನೂರೈವತ್ತಾರು ರೂಪಾಯಿ ಬೆಳೆದು ಆರು ಸಾವಿರದ ಏಳುನೂರಾಗಿತ್ತು. ಎಂಟನೇ ತರಗತಿಗೆ ಚಕ್ರಬಡ್ಡಿ ಕಲಿಸುವವಳ ಗಂಡ.

"ಬ್ಯಾಂಕಿನವರು ಫೋನರ ಮಾಡಿರಬೇಕಲ್ಲ?"

"ಯಾರೋ ಹಿಂದಿಯೊಳಗ ಮಾತಾಡ್ತಿದ್ರು. ಕಾರ್ಡು, ಬಾಕಿ ಅಂತಿದ್ರು. ಫ್ರಾಡ್ ಕಾಲ್ ಅಂತ ಬ್ಲಾಕ್ ಮಾಡೇನಿ." ಹೇಳುವಾಗ ದನಿಯಲ್ಲಿ ಸ್ವಲ್ಪ ಹೆಮ್ಮೆಯಿತ್ತು. ಯಾರಿಗೂ ಓಟಿಪಿ ಹೇಳಬೇಡಿ ಎಂದು ಊರಿಗೆಲ್ಲ ಬುದ್ಧಿ ಹೇಳುವವರು, ಸಾಲ ಕೊಟ್ಟವನನ್ನೇ ಕಳ್ಳನೆಂದು ಹಿಡಿದಿದ್ದರು.

ಬ್ಲಾಕ್ ತೆಗೆದು ನಾನೇ ಫೋನ್ ಹಚ್ಚಿದೆ. ವಸೂಲಿ ವಿಭಾಗದ ಒಬ್ಬಾತ ಬೆಂಗಳೂರು ಕನ್ನಡದಲ್ಲಿ ಮಾತಾಡಿದ. ನಾನು ವಿಷಯ ಹೇಳುವಷ್ಟರಲ್ಲಿ ಇವರು ಮೊಬೈಲ್ ಕಸಿದುಕೊಂಡರು.

"ನೋಡ್ರಿ, ಎಂಟು ತಿಂಗಳು ಒಂದು ದಿನ ತಪ್ಪಸದ ಆರು ಸಾವಿರ ಕಟ್ಟೇನಿ. ನಾವು ವ್ಯಾಪಾರಸ್ಥರು. ಮ್ಯಾಲಿನದು ಬಿಟ್ಟು ಖಾತೆ ಮುಗಿಸಿಬಿಡ್ರಿ."

ಆ ಕಡೆ ಕೀಲಿಮಣೆ ಟಕಟಕ ಎಂದಿತು. ನಂತರ ಅವನು, "ಸರ್, ಕೊನೇ ಕಂತು ಬಿಟ್ಟು ಈಗಿನ ಬಾಕಿನ ನಾಲ್ಕು ಸಾವಿರಕ್ಕೆ ಸೆಟಲ್ ಮಾಡಿಸಿ ಕೊಡ್ತೀನಿ, ಇವತ್ತೇ ಕಟ್ಟಬೇಕು" ಎಂದ.

ಇವರು ಮೊಬೈಲಿನ ಮೇಲೆ ಕೈಯಿಟ್ಟು ನನ್ನ ಕಡೆ ತಿರುಗಿದರು. ಮುಖ ಅರಳಿತ್ತು. "ನೋಡಿದೇನು? ಬಿಟ್ರು! ಕೇಳಿದ್ರ ಯಾರರ ಬಿಡ್ತಾರ. ನೀ ಸುಮ್ಮನ ಗಾಬರಿ ಆಗಿದ್ದಿ."

ಬ್ಯಾಂಕಿನ ಅಧಿಕಾರಿ ನಾನು ಏಳುವಾಗ ಇದೊಂದು ಮಾತು ಹೇಳಿ ಕಳಿಸಿದ್ದರು: ಏನು ಬೇಕಾದರೂ ಮಾಡಿ, ಸೆಟಲ್‌ಮೆಂಟ್ ಮಾತ್ರ ಮಾಡಿಕೊಳ್ಳಬೇಡಿ. ಕಡಿಮೆ ತೆಗೆದುಕೊಂಡು ಖಾತೆ ಮುಗಿಸಿದರೆ ನಿಮ್ಮ ಹೆಸರಿನ ಎದುರು 'ಸೆಟಲ್ಡ್' ಎಂದು ಬರೆಯುತ್ತಾರೆ. ಸಾಲ ಮಾಡಿದವರು ಪೂರ್ತಿ ಕೊಡಲಿಲ್ಲ ಎಂದು ಅದರ ಅರ್ಥ. ವರ್ಷಗಟ್ಟಲೆ ಅಳಿಸುವುದಿಲ್ಲ, ನೋಡಿದ ಬ್ಯಾಂಕು ಸಾಲ ಕೊಡಲು ಹಿಂದೆಮುಂದೆ ನೋಡುತ್ತದೆ. ನಮ್ಮ ಬಜಾರಿನಲ್ಲಿ ಇಬ್ಬರೂ ನಕ್ಕು ಮುಗಿಸುವ ವ್ಯವಹಾರಕ್ಕೆ ಅಲ್ಲಿ ಹಣೆಯ ಮೇಲೆ ಬರೆ ಹಾಕುತ್ತಾರೆ. ಅದೂ ಬಿಡಿಸಿಕೊಂಡವರ ಹಣೆಗಲ್ಲ, ಕಾರ್ಡು ಯಾರದೋ ಅವರ ಹಣೆಗೆ.

ಮೊಬೈಲ್ ತೆಗೆದುಕೊಂಡು, "ಸೆಟಲ್ ಬ್ಯಾಡ್ರಿ. ಪೂರ್ತಿ ಕಟ್ತೇನಿ" ಎಂದೆ. ಸ್ಕೂಟಿಯ ಮುಂಗಡಕ್ಕೆ ಇಟ್ಟಿದ್ದ ರೊಕ್ಕದಿಂದ ಅಲ್ಲೇ ಕಟ್ಟಿದೆ, ಕೊನೆಯ ಕಂತನ್ನೂ ಬಿಲ್ಲು ಬಂದ ದಿನ ಪೈಸೆ ಬಿಡದೆ ನಾನೇ ಕಟ್ಟಿದೆ. ಕಸ್ಟಮರ್ ಕೇರಿಗೆ ಬರೆದು ಗೋಗರೆದದ್ದಕ್ಕೆ ಒಂದು ತಿಂಗಳ ದಂಡ ವಾಪಸು ಮಾಡಿದರು. ಅದನ್ನು ಇವರಿಗೆ ಹೇಳಲಿಲ್ಲ. ಹೇಳಿದ್ದರೆ ಅದೂ ಇವರ ಗೆಲುವಾಗುತ್ತಿತ್ತು.

ಆ ಫೋನಿನ ದಿನ ಅಂಗಡಿಯಲ್ಲಿ ನಿಂತು ಬಾಯಿಗೆ ಬಂದದ್ದೆಲ್ಲ ಅಂದೆ. ಗಿರಾಕಿಗಳಿದ್ದರು, ಲೆಕ್ಕಿಸಲಿಲ್ಲ. "ಚಿಲ್ರಿ ಬಿಡ್ರಿ ಚಿಲ್ರಿ ಬಿಡ್ರಿ ಅಂತ ಭಿಕ್ಷಾ ಬೇಡೂದು ಒಂದು ವ್ಯಾಪಾರೇನು? ಅಂಗಡಿ ತುಂಬ ಚಿಲ್ರಿ ಮಂದಿ, ಚಿಲ್ರಿ ಬುದ್ಧಿ. ಕೊಡೂದು ಪೂರ್ತಿ ಕೊಡಬೇಕು, ತಗೊಳ್ಳೂದು ಪೂರ್ತಿ ತಗೋಬೇಕು. ಅದು ಗೊತ್ತಿಲ್ದವ್ರು ಕಾರ್ಡ್ ಮುಟ್ಟಬಾರದು." ಇವರು ತಕ್ಕಡಿಯ ತೂಕದ ಬಟ್ಟುಗಳನ್ನು ಜೋಡಿಸುತ್ತ ನಿಂತಿದ್ದರು. ನನಗೆ ಅಯ್ಯೋ ಎನ್ನಿಸಲಿಲ್ಲ. ಇನ್ನೂ ಅನ್ನಬೇಕಿತ್ತು ಎನ್ನಿಸಿತು.

ಜೂನ್ ಬಂತು, ಶಾಲೆ ಶುರುವಾಯಿತು, ನಾನು ಬಸ್ಸಿಗೇ ನಿಂತೆ. ಸ್ಕೋರು ಮೇಲೆ ಬರಲು ಸಮಯ ಹಿಡಿಯುತ್ತದಂತೆ. ಕೆಳಗಿಳಿಯಲು ಹಿಡಿದದ್ದಕ್ಕಿಂತ ಹೆಚ್ಚು. ಟಿವಿಯ ಕೆಳಗೆ ಆ ಡಬ್ಬಿ ಕುಳಿತಿದೆ, ಇವರೂ ಅಷ್ಟಾಗಿ ಮುಟ್ಟುವುದಿಲ್ಲ. ಮಾರಿಬಿಡಿ ಎಂದರೆ, ಸವಣೂರಿನ ಗೆಳೆಯರು ಅರ್ಧ ಬೆಲೆಗೆ ಕೇಳಿದರಂತೆ.

ಮೊನ್ನೆ ಬೆಳಿಗ್ಗೆ ಬಸ್ಸು ತಡವಾಯಿತೆಂದು ಅಂಗಡಿಯೊಳಗೆ ಹೋಗಿ ಸ್ಟೂಲಿನ ಮೇಲೆ ಕುಳಿತಿದ್ದೆ. ಹಿರೇಬೆಂಡಿಗೇರಿಯ ಅಜ್ಜಿಯೊಬ್ಬಳು ಬಂದಳು. ಪ್ರತಿ ವರ್ಷ ನಮ್ಮಲ್ಲೇ ಕೊಳ್ಳುವವಳು, ಮೊಮ್ಮಗಳ ಸೀಮಂತಕ್ಕೆಂದು ಒಂದು ತಾಮ್ರದ ತಂಬಿಗೆ ಆರಿಸಿದಳು. ತೂಕ ಹಾಕಿದರೆ ಒಂಬೈನೂರಾ ನಲವತ್ತು. ಸೆರಗಿನ ಗಂಟು ಬಿಚ್ಚಿ ಒಂಬೈನೂರು ಎಣಿಸಿ ರೊಕ್ಕದ ಗಲ್ಲೆಯ ಮುಂದಿಟ್ಟು, ತಂಬಿಗೆ ಕೈಗೆತ್ತಿಕೊಂಡು, ರೂಢಿಯಂತೆ ಅಂದಳು: "ಮ್ಯಾಲಿನ ಚಿಲ್ರಿ ಬಿಡಪಾ ಸಾಹುಕಾರ."

"ಇಲ್ಲಬೇ ಅಜ್ಜಿ. ಪೂರ್ತಿ ಕೊಡಬೇಕು" ಎಂದರು ಇವರು.

ಅಜ್ಜಿ ನಕ್ಕಳು, ತಮಾಷೆ ಎಂದುಕೊಂಡು. ಇವರು ನಗಲಿಲ್ಲ. ಅವಳು ನನ್ನ ಕಡೆ ನೋಡಿದಳು, ಮತ್ತೆ ಇವರ ಕಡೆ ನೋಡಿದಳು. "ನಿಮ್ಮಪ್ಪ ಇದ್ದಾಗಿಂದ ಬರಾಕತ್ತೇನಿ" ಎಂದಳು. ಇವರು ರಸೀದಿ ಬರೆಯುತ್ತಲೇ ಇದ್ದರು. ಅಜ್ಜಿ ತಂಬಿಗೆಯನ್ನು ಮೆಲ್ಲಗೆ ಕೆಳಗಿಟ್ಟು ಮತ್ತೆ ಸೆರಗಿನ ತುದಿ ಹುಡುಕಿದಳು. ಅದರಲ್ಲಿ ಬಸ್ಸಿನ ಟಿಕೆಟ್ಟಿಗೆ ಬೇಕಾದಷ್ಟೂ ಇದ್ದಂತೆ ಕಾಣಲಿಲ್ಲ; ಹೆಂಗಸರಿಗೆ ಟಿಕೆಟ್ಟಿನ ರೊಕ್ಕ ಬೇಕಿಲ್ಲದ ಕಾಲ ಬಂದದ್ದು ಅವಳ ಪುಣ್ಯ.

ನನಗೆ ತಡೆಯಲಾಗಲಿಲ್ಲ. "ಬಿಡ್ರಿ ಅದನ್ನ" ಎಂದೆ.

ಇವರು ತಲೆಯೆತ್ತಲಿಲ್ಲ. "ತಗೊಳ್ಳೂದು ಪೂರ್ತಿ ತಗೋಬೇಕು" ಎಂದರು. ಸಿಟ್ಟಿನಿಂದಲ್ಲ, ಕಲಿತ ಪಾಠ ಒಪ್ಪಿಸುವ ದನಿಯಲ್ಲಿ.

ಮದುವೆಯಾಗಿ ಬಂದ ಇಷ್ಟು ವರ್ಷಗಳಲ್ಲಿ ಈ ಮನುಷ್ಯನ ಬಗ್ಗೆ ನಾನು ತವರಿನಲ್ಲಿ ಹೆಮ್ಮೆಯಿಂದ ಹೇಳಿಕೊಂಡದ್ದು ಒಂದೇ ಮಾತು: ಬಡವರ ಹತ್ತಿರ ಚಿಲ್ಲರೆಗೆ ಜಗಳಾಡುವುದಿಲ್ಲ ಎಂದು. ಅದನ್ನೂ ಎಂಟು ತಿಂಗಳ ಬಾಕಿಯ ಜೊತೆ ನಾನೇ ಚುಕ್ತಾ ಮಾಡಿಸಿದ್ದೆ. ಅಜ್ಜಿಯ ಕೈ ಹಿಡಿದು ನಿಲ್ಲಿಸಿ, ತಂಬಿಗೆ ಅವಳ ಚೀಲದೊಳಗೆ ಹಾಕಿ, "ಹೋಗಬೇ, ಬಸ್ಸು ಬರ್ತೈತಿ" ಎಂದು ಕಳಿಸಿದೆ. ನನ್ನ ಪರ್ಸಿನಿಂದ ಎರಡು ಇಪ್ಪತ್ತರ ನೋಟು ತೆಗೆದು ಗಲ್ಲೆಯ ಮೇಲಿಟ್ಟೆ.

ಇವರು ಅವನ್ನು ಎತ್ತಿಕೊಂಡು, ಬೆಳಕಿಗೆ ಹಿಡಿದು ನೋಡಿ, ಎಣಿಸಿ, ಗಲ್ಲೆಗೆ ಹಾಕಿಕೊಂಡರು. ಹೊರಗೆ ಬಸ್ಸಿನ ಹಾರ್ನ್ ಕೇಳಿಸಿತು.